ಹತ್ತು ಲಕ್ಷ ಅಂಕಿಯ ಗುಣಾಕಾರ ಎಲ್ಲಿ ತಪ್ಪಿತು?

ಕಳೆದ ಮಳೆಗಾಲದಲ್ಲಿ ಮಂಗಳೂರಿನ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ದೊಡ್ಡ ಸಂಖ್ಯೆಗಳನ್ನು ಗುಣಿಸುವ ತನ್ನ ಪ್ರೋಗ್ರಾಂ ತೋರಿಸಿದಳು. "ಸರ್, ಸಾವಿರ ಅಂಕಿಯ ಸಂಖ್ಯೆಗಳಿಗೆ ಉತ್ತರ ಸರಿ ಬರ್ತದೆ. ಹತ್ತು ಲಕ್ಷಕ್ಕೆ ಹೋದ್ರೆ ನಡುವೆ ಎಲ್ಲೋ ತಪ್ತದೆ," ಅಂದಳು.

ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿದೆವು. 1234 × 5678. ಎರಡೆರಡು ಅಂಕಿಯ ತುಂಡು ಮಾಡಿ ಬಲದಿಂದ ಬರೆದರೆ 34, 12 ಮತ್ತು 78, 56. ಬಲದ ತುಂಡುಗಳ ಗುಣಲಬ್ಧ 2652. ಅಡ್ಡ ಗುಣಿಸಿ ಕೂಡಿದರೆ 1904 + 936 = 2840. ಎಡದ್ದು 672. ಈ ಮೂರು ಮೊತ್ತಗಳ ಸಾಲೇ ಕನ್ವಲ್ಯೂಷನ್. ಆಮೇಲೆ ಕ್ಯಾರಿ: 52 ಬರೆದು 26 ಕೈಯಲ್ಲಿ, 2866ರಲ್ಲಿ 66 ಬರೆದು 28 ಕೈಯಲ್ಲಿ, ಕೊನೆಗೆ 700. ಉತ್ತರ 7006652.

ತುಂಡುಗಳು ಲಕ್ಷಗಟ್ಟಲೆ ಇದ್ದರೆ ಅಡ್ಡ ಗುಣಾಕಾರ ಮುಗಿಯುವುದೇ ಇಲ್ಲ. ಅದಕ್ಕೇ ಎಫ್‌ಎಫ್‌ಟಿ, ಅಂದರೆ ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್. ಎರಡೂ ಸಾಲನ್ನು ಆವರ್ತನಗಳಾಗಿ ಬದಲಿಸಿ, ಜಾಗಕ್ಕೆ ಜಾಗ ಗುಣಿಸಿ, ಮತ್ತೆ ಹಿಂದಕ್ಕೆ ತಂದರೆ ಅದೇ ಮೊತ್ತಗಳು ಸಿಗುತ್ತವೆ. ಆದರೆ 2840 ಅಂತ ಅಲ್ಲ, 2839.9999999 ಅಂತ. ಸುಮ್ನೆ ದಶಮಾಂಶ ಕತ್ತರಿಸಿದರೆ 2839 ಆಗಿ ಉತ್ತರದಲ್ಲಿ ನೂರು ಕಡಿಮೆ! ಹತ್ತಿರದ ಪೂರ್ಣಾಂಕಕ್ಕೇ ತರಬೇಕು.

ಅವಳು ಅದನ್ನು ಸರಿಯಾಗಿಯೇ ಮಾಡಿದ್ದಳು. ತಪ್ಪಿದ್ದು ತುಂಡಿನ ಗಾತ್ರದಲ್ಲಿ. ಬೇಗ ಆಗಲಿ ಅಂತ ಐದು ಅಂಕಿಯ ತುಂಡು ಮಾಡಿದ್ದಳು. ಒಂದೊಂದು ಸಂಖ್ಯೆಗೆ 2 ಲಕ್ಷ ತುಂಡು. ಅತಿ ದೊಡ್ಡ ಮೊತ್ತ ಸುಮಾರು 2×10¹⁵ ಆಗಬಹುದು. ಡಬಲ್‌ನಲ್ಲಿ 53 ಬಿಟ್ ಮಾತ್ರ, ಅಷ್ಟು ದೊಡ್ಡ ಬೆಲೆಯ ಹತ್ತಿರ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ 0.25. ಎಫ್‌ಎಫ್‌ಟಿಯ ಹಂತಗಳಲ್ಲಿ ಸೇರುತ್ತಾ ಹೋಗುವ ದೋಷ 0.5 ದಾಟಿದರೆ ಪೂರ್ಣಾಂಕವೇ ಬದಲಾಗುತ್ತದೆ.

ನಾಲ್ಕು ಅಂಕಿಯ ತುಂಡಾದರೆ ಮೊತ್ತ 2.5×10¹³ಕ್ಕೆ ಇಳಿಯುತ್ತದೆ, ಎಂಬತ್ತು ಪಟ್ಟು ಕಡಿಮೆ. ಸಮಯ ಜಾಸ್ತಿ ಹಿಡಿಯುವುದಿಲ್ವಾ? ಗುಣಲಬ್ಧಕ್ಕೆ ಐದು ಅಂಕಿಯಲ್ಲಿ 4 ಲಕ್ಷ ಜಾಗ ಬೇಕು, ನಾಲ್ಕು ಅಂಕಿಯಲ್ಲಿ 5 ಲಕ್ಷ. ಅವಳ ಎಫ್‌ಎಫ್‌ಟಿಗೆ ಉದ್ದ ಎರಡರ ಘಾತವೇ ಆಗಬೇಕು. ಹಾಗಾಗಿ ಎರಡಕ್ಕೂ 524288. ಐದು ಅಂಕಿಯಿಂದ ಅಲ್ಲಿ ಲಾಭವೇ ಇರಲಿಲ್ಲ.

ಕ್ಯಾರಿಯಲ್ಲೂ ಎಚ್ಚರ ಬೇಕು. ಈ ಲೆಕ್ಕದಲ್ಲಿ ಅದು 250 ಕೋಟಿಯ ಹತ್ತಿರ ಹೋಗಬಹುದು, 32 ಬಿಟ್‌ನ `int` ಸಾಲದು.

```c
long long c = 0;
for (int i = 0; i < n; i++) {
    long long t = llround(x[i]) + c;
    r[i] = t % 10000;
    c = t / 10000;
}
```

`x[i]`, ಅಂದರೆ ಎಫ್‌ಎಫ್‌ಟಿಯಿಂದ ಹಿಂದಕ್ಕೆ ಬಂದ ಮೊತ್ತ, ಹತ್ತಿರದ ಪೂರ್ಣಾಂಕದಿಂದ ಅತಿ ಹೆಚ್ಚು ಎಷ್ಟು ದೂರ ಇತ್ತು ಅಂತ ಪ್ರತಿ ಸಲವೂ ನೋಡಿ ಅಂತ ನಾನು ಹೇಳುತ್ತೇನೆ. 0.25 ಮುಟ್ಟಿದರೆ ಆ ಉತ್ತರ ನಂಬಬೇಡಿ. ದೋಷ 0.9 ಆದರೂ ನಮಗೆ 0.1 ಅಂತಲೇ ಕಾಣುತ್ತದಲ್ವಾ?

ಪರೀಕ್ಷೆಗೆ ಬರೀ ಒಂಬತ್ತುಗಳ ಸಂಖ್ಯೆ ಕೊಡಿ. ಮೊತ್ತಗಳು ಅತಿ ದೊಡ್ಡದಾಗುವುದು ಅಲ್ಲೇ, ಉತ್ತರವೂ ಮೊದಲೇ ಗೊತ್ತು: 9999² = 99980001. ಅವಳು ಹತ್ತು ಲಕ್ಷ ಒಂಬತ್ತುಗಳ ವರ್ಗ ಮಾಡಿಸಿದಳು. ಒಂಬತ್ತುಗಳ ಸಾಲು, ಒಂದೇ ಒಂದು 8, ಸೊನ್ನೆಗಳು, ಕೊನೆಯಲ್ಲಿ 1.