ಪರೀಕ್ಷೆಯ ಭಯವನ್ನು ಬೆಳೆಸುವ ನೆಮ್ಮದಿ

ಮಾನ್ಯ ಅಧ್ಯಾಪಕರಿಗೆ ಮತ್ತು ಸಹಪಾಠಿಗಳಿಗೆ ನಮಸ್ಕಾರ.

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಒತ್ತಡದಿಂದ ಆರಂಭಿಸುತ್ತೇವೆ. ಪಠ್ಯ ಹೆಚ್ಚು, ಸ್ಪರ್ಧೆ ಹೆಚ್ಚು, ಮನೆಯವರ ನಿರೀಕ್ಷೆಯೂ ಹೆಚ್ಚು ಎನ್ನುತ್ತೇವೆ. ಅದು ನಿಜವೇ. ಆದರೆ ಒಂದೇ ತರಗತಿಯಲ್ಲಿ, ಒಂದೇ ಪಠ್ಯವನ್ನು ಓದುವ ಇಬ್ಬರಲ್ಲಿ ಒಬ್ಬರ ಭಯ ಎರಡು ಮೂರು ಪರೀಕ್ಷೆಗಳಲ್ಲಿ ಕರಗಿಹೋದರೆ, ಇನ್ನೊಬ್ಬರ ಭಯ ತಿಂಗಳಿಂದ ತಿಂಗಳಿಗೆ ಬಲಿಯುತ್ತ ಹೋಗುವುದೇಕೆ ಎಂಬುದನ್ನು ಒತ್ತಡದ ಪ್ರಮಾಣವೊಂದೇ ವಿವರಿಸಲಾರದು. ಇದಕ್ಕೆ ಮನೋವಿಜ್ಞಾನದಲ್ಲಿ ಚೆನ್ನಾಗಿ ಪರೀಕ್ಷಿಸಲಾದ ಒಂದು ಉತ್ತರವಿದೆ. ಇಂದು ನಾನು ಮಾತನಾಡುವುದು ಆ ಉತ್ತರದ ಬಗ್ಗೆ ಮಾತ್ರ.

ವಿವರಣೆಗಾಗಿ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಕೆಂಗೇರಿಯ ಮನೆಯಿಂದ ಬೆಳಿಗ್ಗೆ ಮೆಟ್ರೋ ಹತ್ತಿ ವಿಜಯನಗರದ ಕಾಲೇಜಿಗೆ ಬರುವ, ಸಂಜೆ ಟ್ಯೂಷನ್ ಮುಗಿಸಿ ಮನೆ ಸೇರುವ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ ಆಕೆ. ಭೌತಶಾಸ್ತ್ರದ ಮೊದಲ ಯೂನಿಟ್ ಟೆಸ್ಟ್‌ನಲ್ಲಿ ಆಕೆಗೆ 25ಕ್ಕೆ 8 ಅಂಕ ಬಂತು ಮತ್ತು ಆ ಅಂಕವನ್ನು ತರಗತಿಯಲ್ಲಿ ಎಲ್ಲರೆದುರು ಓದಿ ಹೇಳಲಾಯಿತು. ಅಂದು ರಾತ್ರಿ ಭೌತಶಾಸ್ತ್ರದ ಪುಸ್ತಕ ತೆರೆದಾಗ ಆಕೆಯ ಎದೆ ಹೊಡೆದುಕೊಂಡಿತು, ಅಂಗೈ ಬೆವರಿತು. ಪುಸ್ತಕ ಮುಚ್ಚಿ ಜೀವಶಾಸ್ತ್ರ ಕೈಗೆತ್ತಿಕೊಂಡಳು. ಒಂದೆರಡು ನಿಮಿಷಗಳಲ್ಲೇ ಎದೆಬಡಿತ ಇಳಿಯಿತು, ನೆಮ್ಮದಿಯಾಯಿತು.

ಅಮೆರಿಕದ ಮನೋವಿಜ್ಞಾನಿ ಓರ್ವಲ್ ಹೋಬಾರ್ಟ್ ಮೌರರ್ 1947ರಲ್ಲಿ ಮಂಡಿಸಿದ ಎರಡು ಹಂತಗಳ ಸಿದ್ಧಾಂತ ಈ ಸಣ್ಣ ಘಟನೆಗೆ ಸರಿಯಾಗಿ ಹೊಂದುತ್ತದೆ. ಮೊದಲ ಹಂತವನ್ನು ಪಾವ್ಲೋವ್ ತೋರಿಸಿಕೊಟ್ಟ ಶಾಸ್ತ್ರೀಯ ಅನುಬಂಧನದಿಂದ ನಾವೆಲ್ಲ ಬಲ್ಲೆವು. ತಾನಾಗಿ ಯಾವ ಹಾನಿಯನ್ನೂ ಮಾಡದ ಪುಸ್ತಕವೊಂದು ಅವಮಾನದ ಅನುಭವದೊಂದಿಗೆ ಬೆಸೆದುಕೊಂಡು ಭಯ ಹುಟ್ಟಿಸತೊಡಗುತ್ತದೆ. ಎರಡನೆಯ ಹಂತದಲ್ಲಿ ಆಕೆ ಪುಸ್ತಕ ಮುಚ್ಚುತ್ತಾಳೆ, ಅಹಿತಕರ ಭಾವನೆ ತಕ್ಷಣ ದೂರವಾಗುತ್ತದೆ. ಹೀಗೆ ಯಾವುದೋ ಹಿಂಸೆ ಕೊನೆಗೊಂಡದ್ದರಿಂದ ಒಂದು ವರ್ತನೆ ಬಲಗೊಳ್ಳುವುದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಪುಸ್ತಕ ಮುಚ್ಚಿದ ಕೂಡಲೇ ಸಿಕ್ಕ ಆ ನೆಮ್ಮದಿಯೇ ಮರುದಿನವೂ ಪುಸ್ತಕ ಮುಚ್ಚಲು ಆಕೆಯನ್ನು ಪ್ರೇರೇಪಿಸುತ್ತದೆ. ಇದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ನೋವಿನಿಂದ ಸರಿದು ನಿಲ್ಲುವುದನ್ನು ಯಾವ ಜೀವಿಯ ಮಿದುಳಾದರೂ ಕಲಿಯುತ್ತದೆ. ಆಕೆಯ ಮಿದುಳೂ ಅದನ್ನು ಚೆನ್ನಾಗಿಯೇ ಕಲಿಯುತ್ತಿದೆ.

ತಪ್ಪಿಸಿಕೊಳ್ಳುವುದರಿಂದ ಆಗುವ ನಷ್ಟ ಓದಿನ ಸಮಯವಷ್ಟೇ ಆಗಿದ್ದರೆ ಅದನ್ನು ಹೇಗೋ ತುಂಬಿಕೊಳ್ಳಬಹುದಿತ್ತು. ನಿಜವಾದ ನಷ್ಟ ಬೇರೆಯೇ ಇದೆ. 1953ರಲ್ಲಿ ರಿಚರ್ಡ್ ಸಾಲೊಮನ್ ಮತ್ತು ಅವರ ಸಹೋದ್ಯೋಗಿಗಳು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಇಂದಿನ ನೈತಿಕ ನಿಯಮಗಳಡಿ ಅಂಥ ಪ್ರಯೋಗಗಳಿಗೆ ಅನುಮತಿ ಸಿಗುವುದು ಕಷ್ಟ, ಸಿಗದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಸಂಕೇತವೊಂದು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ವಿದ್ಯುತ್ ಆಘಾತವಾಗುತ್ತಿತ್ತು, ಅಷ್ಟರೊಳಗೆ ತಡೆಗೋಡೆಯನ್ನು ಹಾರಿ ಪಕ್ಕದ ಕೋಣೆಗೆ ಹೋದರೆ ನಾಯಿ ಅದರಿಂದ ಪಾರಾಗುತ್ತಿತ್ತು. ನಾಯಿಗಳು ಇದನ್ನು ಬೇಗನೆ ಕಲಿತವು. ಆಮೇಲೆ ವಿದ್ಯುತ್ತನ್ನು ಪೂರ್ತಿಯಾಗಿ ನಿಲ್ಲಿಸಿದ ನಂತರವೂ ಅವು ನೂರಾರು ಬಾರಿ ಹಾರುತ್ತಲೇ ಇದ್ದವು. ಆಘಾತ ಬರುವ ಮೊದಲೇ ಜಾಗ ಬಿಟ್ಟಿರುತ್ತಿದ್ದುದರಿಂದ, ಈಗ ಆಘಾತವೇ ಇಲ್ಲ ಎಂಬುದನ್ನು ತಿಳಿಯುವ ಅವಕಾಶ ಅವಕ್ಕೆ ಸಿಗಲೇ ಇಲ್ಲ. ನಮ್ಮ ವಿದ್ಯಾರ್ಥಿನಿಯ ವಿಷಯದಲ್ಲೂ ಹೀಗೆಯೇ ಆಗುತ್ತದೆ. ‘ಲೆಕ್ಕ ನೋಡಿದ ಕೂಡಲೇ ನನ್ನ ತಲೆ ಖಾಲಿಯಾಗುತ್ತದೆ’ ಎಂಬ ಆಕೆಯ ನಂಬಿಕೆ ಸುಳ್ಳಾಗಬೇಕಾದರೆ, ಲೆಕ್ಕದ ಮುಂದೆ ಆಕೆ ಸ್ವಲ್ಪ ಹೊತ್ತಾದರೂ ಕುಳಿತಿರಬೇಕಾಗುತ್ತದೆ.

ಆ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ಸ್ವಲ್ಪ ಕಾಲದ ನಂತರ ನಾಯಿಗಳು ಯಾವ ಗಾಬರಿಯನ್ನೂ ತೋರದೆ ನಿರಾಳವಾಗಿ ಹಾರುತ್ತಿದ್ದವು. ಭಯದಿಂದಲೇ ತಪ್ಪಿಸಿಕೊಳ್ಳುವ ವರ್ತನೆ ಉಳಿಯುತ್ತದೆ ಎಂದಿದ್ದ ಮೌರರ್ ಅವರ ಸಿದ್ಧಾಂತಕ್ಕೆ ಇದೊಂದು ತೊಡಕು, ಆ ಸಿದ್ಧಾಂತ ಅಪೂರ್ಣವೆಂದು ಮುಂದೆ ಹಲವರು ವಾದಿಸಿದ್ದಕ್ಕೆ ಇದೂ ಒಂದು ಕಾರಣ. ಆದರೆ ತರಗತಿಯಲ್ಲಿ ಕುಳಿತ ನಮಗೆ ಇದರಿಂದ ತಿಳಿಯಬೇಕಾದದ್ದು ಬಹಳವಿದೆ. ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ವಿದ್ಯಾರ್ಥಿ ಹೊರನೋಟಕ್ಕೆ ಆತಂಕಗೊಂಡಂತೆ ಕಾಣುವುದಿಲ್ಲ, ‘ಅವಳಿಗೇನು, ಆರಾಮಾಗಿದ್ದಾಳೆ’ ಎಂದೇ ಎಲ್ಲರೂ ಭಾವಿಸುತ್ತಾರೆ. ಆದ್ದರಿಂದ ಗೆಳತಿಯ ಮುಖವನ್ನು ಗಮನಿಸಿದರೆ ಸಾಲದು, ಆಕೆಯ ದಿನಚರಿಯಿಂದ ಏನೇನು ಕಾಣೆಯಾಗಿದೆ ಎಂಬುದನ್ನೂ ಗಮನಿಸಬೇಕು. ಟೆಸ್ಟ್ ಇರುವ ದಿನಗಳಲ್ಲಷ್ಟೇ ಗೈರುಹಾಜರಿ, ತಿದ್ದಿ ಕೊಟ್ಟ ಉತ್ತರಪತ್ರಿಕೆಯನ್ನು ಮಡಚಿ ಬ್ಯಾಗಿನ ತಳಕ್ಕೆ ಸೇರಿಸುವುದು, ಒಂದು ವಿಷಯದ ನೋಟ್ಸ್ ಮಾತ್ರ ಅರ್ಧಕ್ಕೆ ನಿಂತಿರುವುದು, ಇವು ಮುಖಭಾವಕ್ಕಿಂತ ಹೆಚ್ಚು ನಂಬಬಹುದಾದ ಸುಳಿವುಗಳು.

ಮನೆಯವರೂ ತಿಳಿಯದೆ ಇದರಲ್ಲಿ ಪಾಲುದಾರರಾಗುತ್ತಾರೆ. ಎರಡನೆಯ ಟೆಸ್ಟಿನ ಬೆಳಿಗ್ಗೆ ಆಕೆಗೆ ಹೊಟ್ಟೆನೋವು ಬರುತ್ತದೆ. ಅದು ನಟನೆಯಲ್ಲ, ಆತಂಕ ಜೀರ್ಣಾಂಗಗಳ ಮೇಲೆ ಪರಿಣಾಮ ಬೀರುವುದರಿಂದ ನೋವು ನಿಜವಾಗಿಯೂ ಇರುತ್ತದೆ. ತಾಯಿ, ‘ಇವತ್ತೊಂದು ದಿನ ಹೋಗ್ಬೇಡ ಬಿಡಮ್ಮ, ಮಲಗ್ಕೋ’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ನೋವು ಕಡಿಮೆಯಾಗುತ್ತದೆ. ಮಗಳ ಸಂಕಟ ನೋಡಲಾರದೆ ಒದ್ದಾಡುತ್ತಿದ್ದ ತಾಯಿಗೂ ಸಮಾಧಾನವಾಗುತ್ತದೆ. ಇಲ್ಲಿ ಮಗಳ ವರ್ತನೆಯ ಜೊತೆಗೆ ತಾಯಿಯ ವರ್ತನೆಗೂ ಪುನರ್ಬಲನ ಸಿಕ್ಕಿದೆ. ಪ್ರೀತಿಯಿಂದಲೇ ನಡೆಯುವ ಈ ಹೊಂದಾಣಿಕೆಯನ್ನು ಯಾರೂ ದೂಷಿಸಬಾರದು, ಆದರೆ ಅದು ಭಯವನ್ನು ಉಳಿಸುತ್ತದೆ ಎಂಬುದು ಪಾಲಕರಿಗೆ ತಿಳಿದಿರಬೇಕು.

ಈ ಸುತ್ತಿನಿಂದ ಹೊರಬರುವ ದಾರಿಯನ್ನು ಎಕ್ಸ್‌ಪೋಶರ್ ಎಂದು ಕರೆಯುತ್ತಾರೆ, ಅಂದರೆ ಭಯ ಹುಟ್ಟಿಸುವ ಸಂದರ್ಭವನ್ನು ಹಂತ ಹಂತವಾಗಿ, ಯೋಜನೆಯಂತೆ ಎದುರಿಸುವುದು. ವಿದ್ಯಾರ್ಥಿನಿ ಮೊದಲು ತನಗೆ ಭಯ ತರುವ ಸಂದರ್ಭಗಳನ್ನು ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ 100ರವರೆಗಿನ ಅಳತೆಯಲ್ಲಿ ಭಯದ ಅಂಕ ಕೊಡುತ್ತಾಳೆ. ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು ಬಳಕೆಗೆ ತಂದ ಅಳತೆಯಿದು. 8 ಅಂಕದ ಹಳೆಯ ಉತ್ತರಪತ್ರಿಕೆಯನ್ನು ಮನೆಯಲ್ಲಿ ಬಿಡಿಸಿ ಓದುವುದಕ್ಕೆ ಆಕೆ 35 ಕೊಡಬಹುದು, ಗಡಿಯಾರವಿಟ್ಟುಕೊಂಡು 10 ನಿಮಿಷದಲ್ಲಿ ಒಂದು ಲೆಕ್ಕ ಮಾಡುವುದಕ್ಕೆ 50, ಟ್ಯೂಷನ್‌ನಲ್ಲಿ ಇತರರೊಂದಿಗೆ ಕುಳಿತು ಪೂರ್ತಿ ಟೆಸ್ಟ್ ಬರೆಯುವುದಕ್ಕೆ 80 ಕೊಡಬಹುದು. ಆರಂಭ 35ರಿಂದ. ಪ್ರತಿ ಬಾರಿಯೂ ಮೊದಲು ‘ಏನಾಗುತ್ತದೆ ಎಂದು ನಾನು ಹೆದರಿದ್ದೇನೆ’ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು, ಮುಗಿದ ಮೇಲೆ ನಿಜವಾಗಿ ಏನಾಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು. 10 ನಿಮಿಷದ ಲೆಕ್ಕಕ್ಕೆ ಮೊದಲು ಆಕೆ, ‘ಎರಡು ನಿಮಿಷದಲ್ಲಿ ಎಲ್ಲ ಮರೆತುಹೋಗುತ್ತದೆ, ಒಂದು ಸಾಲನ್ನೂ ಬರೆಯಲಾರೆ’ ಎಂದು ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಎದೆ ಹೊಡೆದುಕೊಳ್ಳುತ್ತಿದ್ದರೂ ಗಾಸ್ ನಿಯಮದ ಸೂತ್ರ ಬರೆದು, ಅರ್ಧದವರೆಗೆ ಲೆಕ್ಕ ಬಿಡಿಸಿ, ಅಲ್ಲಿ ಸಿಕ್ಕಿಕೊಂಡಳು. ಉತ್ತರ ಪೂರ್ತಿಯಾಗಲಿಲ್ಲ, ಆದರೆ ಆಕೆಯ ಊಹೆ ಸುಳ್ಳಾಯಿತು.

ಹಿಂದೆಲ್ಲ ಚಿಕಿತ್ಸಕರು ಭಯದ ಅಂಕ ಇಳಿಯುವವರೆಗೆ ಆ ಸಂದರ್ಭದಲ್ಲೇ ಇರಬೇಕು ಎಂಬುದಕ್ಕೆ ಹೆಚ್ಚು ಒತ್ತು ಕೊಡುತ್ತಿದ್ದರು. ಮಿಶೆಲ್ ಕ್ರಾಸ್ಕ್ ಮತ್ತು ಸಹೋದ್ಯೋಗಿಗಳ ಕೆಲಸದ ನಂತರ, ಭಯ ಇಳಿಯುವುದಕ್ಕಿಂತ ನಿರೀಕ್ಷೆ ಸುಳ್ಳಾಗುವುದು ಮುಖ್ಯ ಎಂಬ ವಿವರಣೆ ಬಲಗೊಂಡಿದೆ. ಈ ವಿವರಣೆಯ ಪ್ರಕಾರ ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆಯೊಂದು ಬೆಳೆದು ಅದನ್ನು ಅದುಮಿ ಹಿಡಿಯುತ್ತದೆ. ಮನೆಯ ಮೇಜಿನ ಮುಂದೆ ಧೈರ್ಯವಾಗಿ ಬರೆದವಳಿಗೆ ಪರೀಕ್ಷಾ ಕೊಠಡಿಯಲ್ಲಿ ಭಯ ಮರಳಿ ಬರುವುದು ಇದರಿಂದಲೇ. ಹೊಸ ಕಲಿಕೆ ಮನೆಯ ಪರಿಸರಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಅದೇ ಅಭ್ಯಾಸವನ್ನು ಮನೆಯಲ್ಲಿ, ಗ್ರಂಥಾಲಯದಲ್ಲಿ, ಖಾಲಿ ತರಗತಿಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡುವುದು ಅಗತ್ಯ.

ಇದರಲ್ಲಿ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಮೊದಲನೆಯದು, ಉತ್ಸಾಹದಲ್ಲಿ ನೇರವಾಗಿ 80ರ ಮೆಟ್ಟಿಲಿಗೆ ಹಾರಿ, ಅರ್ಧಕ್ಕೆ ಎದ್ದು ಬಂದುಬಿಡುವುದು. ಎದ್ದು ಬಂದಾಗ ಸಿಗುವ ನೆಮ್ಮದಿ ಹಳೆಯ ಪಾಠವನ್ನೇ ಇನ್ನಷ್ಟು ಗಟ್ಟಿ ಮಾಡುತ್ತದೆ. ಎರಡನೆಯದು ಗುರುತಿಸಲು ಕಷ್ಟವಾದ ಸುರಕ್ಷಾ ವರ್ತನೆಗಳು. ಪಕ್ಕದಲ್ಲಿ ಗೈಡ್ ತೆರೆದಿಟ್ಟುಕೊಂಡು ಲೆಕ್ಕ ಮಾಡುವುದು, ಪ್ರತಿ ಹಂತದಲ್ಲೂ ಗೆಳತಿಗೆ ಫೋಟೋ ಕಳಿಸಿ ‘ಸರಿನಾ?’ ಎಂದು ಕೇಳುವುದು ಇತ್ಯಾದಿ. ಆಗ ಲೆಕ್ಕ ಸರಿಯಾದರೂ ಅದರ ಶ್ರೇಯಸ್ಸು ಗೈಡಿಗೋ ಗೆಳತಿಗೋ ಹೋಗುತ್ತದೆಯೇ ಹೊರತು, ‘ಇದನ್ನು ನಾನೇ ಮಾಡಬಲ್ಲೆ’ ಎಂಬುದು ಆಕೆಗೆ ಮನವರಿಕೆಯಾಗುವುದಿಲ್ಲ.

ಎಕ್ಸ್‌ಪೋಶರ್ ಭೌತಶಾಸ್ತ್ರವನ್ನು ಕಲಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಗಡಿಯಾರವಿಲ್ಲದೆ, ಯಾರೂ ನೋಡದೆ, ಬೇಕಾದಷ್ಟು ಸಮಯ ಕೊಟ್ಟಾಗ ಅದೇ ಲೆಕ್ಕವನ್ನು ಆಕೆ ಬಿಡಿಸಿದರೆ ತೊಂದರೆ ಆತಂಕದ್ದು. ಆಗಲೂ ಬಿಡಿಸಲಾಗದಿದ್ದರೆ ಪಾಠವೇ ಅರ್ಥವಾಗಿಲ್ಲ, ಅದನ್ನು ಮತ್ತೆ ಹೇಳಿಕೊಡುವವರು ಬೇಕು. ಓದುವುದರಲ್ಲೇ, ಬರೆಯುವುದರಲ್ಲೇ ಬಾಲ್ಯದಿಂದ ತೊಂದರೆಯಿದ್ದರೆ ಕಲಿಕಾ ನ್ಯೂನತೆಗಾಗಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಾಲೇಜಿನಲ್ಲಿ ಯಾರಾದರೂ ಪೀಡಿಸುತ್ತಿರುವುದರಿಂದ ಒಬ್ಬ ವಿದ್ಯಾರ್ಥಿ ಬರುತ್ತಿಲ್ಲವಾದರೆ, ಆ ತಪ್ಪಿಸಿಕೊಳ್ಳುವಿಕೆ ಆತನ ಆತ್ಮರಕ್ಷಣೆ. ಅಲ್ಲಿ ನಿಲ್ಲಿಸಬೇಕಾದದ್ದು ಪೀಡನೆಯನ್ನು, ಧೈರ್ಯ ತಂದುಕೋ ಎಂದು ಅವನನ್ನು ಅದರೊಳಗೆ ದೂಡುವುದು ತಪ್ಪು.

ಖಿನ್ನತೆಯ ಸಂದರ್ಭವೂ ಬೇರೆಯೇ. ಅಲ್ಲಿ ಒಂದು ವಿಷಯ ಮಾತ್ರವಲ್ಲ, ಆಟ, ಸಂಗೀತ, ಗೆಳೆಯರು ಎಲ್ಲದರಲ್ಲೂ ಆಸಕ್ತಿ ಹೋಗಿರುತ್ತದೆ. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಪಾಲು ಹೀಗಿದ್ದು, ನಿದ್ದೆ ಮತ್ತು ಹಸಿವು ಏರುಪೇರಾಗಿದ್ದರೆ, ಮೆಟ್ಟಿಲುಗಳ ಪಟ್ಟಿ ಬರೆದುಕೊಂಡು ಕೂರದೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು. ನಮ್ಮ ಊರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿ ನಡೆಯುತ್ತಿರುವ, 2022ರ ಅಕ್ಟೋಬರ್ 10ರಂದು ದೇಶಾದ್ಯಂತ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಹಪಾಠಿಯೊಬ್ಬರು ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂಬಂಥ ಮಾತನ್ನಾಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಹೌದು ಎಂಬ ಉತ್ತರ ಬಂದರೆ ಅದನ್ನು ಗುಟ್ಟಾಗಿಡುವ ಮಾತು ಕೊಡಬೇಡಿ. ಅಧ್ಯಾಪಕರೋ ಮನೆಯವರೋ ಬರುವವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವರ ಪಕ್ಕದಲ್ಲೇ ಕುಳಿತು 14416ಕ್ಕೆ ನೀವೇ ಕರೆ ಮಾಡಿ.