ಎರಡೂವರೆ ತಿಂಗಳ ಕನ್ನ, ಒಂದು ಪುಟದ ವರದಿ: ಈಕ್ವಿಫ್ಯಾಕ್ಸ್ ಪ್ರಕರಣದ ಟಿಪ್ಪಣಿ

ಸೈಬರ್ ದಾಳಿಯ ಸಾರಾಂಶವನ್ನು ಆಡಳಿತ ಮಂಡಳಿಗೆ ಬರೆಯುವುದು ಹೇಗೆಂದು ತಿಳಿಯಲು ನಾನು ಹಳೆಯ ಪ್ರಕರಣಗಳನ್ನು ತೆಗೆದುಕೊಂಡು ಒಂದೊಂದು ಪುಟಕ್ಕೆ ಇಳಿಸುವ ಅಭ್ಯಾಸ ಮಾಡುತ್ತೇನೆ. ಈ ಅಭ್ಯಾಸಕ್ಕೆ 2017ರ ಈಕ್ವಿಫ್ಯಾಕ್ಸ್ ಪ್ರಕರಣ ಚೆನ್ನಾಗಿ ಒಗ್ಗುತ್ತದೆ. ನಮ್ಮಲ್ಲಿ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಸಿಬಿಲ್ ಅಂಕ ನೋಡುತ್ತಾರಲ್ಲ, ಅಮೆರಿಕದಲ್ಲಿ ಅಂಥದೇ ಕೆಲಸ ಮಾಡುವ ಮೂರು ದೊಡ್ಡ ಕಂಪನಿಗಳಲ್ಲಿ ಈಕ್ವಿಫ್ಯಾಕ್ಸ್ ಒಂದು. ಅಲ್ಲಿನ ಸಂಸತ್ತಿನ ಸಮಿತಿಗಳೂ ಸರ್ಕಾರದ ಲೆಕ್ಕಪರಿಶೋಧಕರೂ ಈ ಪ್ರಕರಣವನ್ನು ಬಗೆದು ನೋಡಿದ್ದರಿಂದ ಒಳಗಿನ ವಿವರಗಳೆಲ್ಲ ಬಹಿರಂಗವಾಗಿವೆ.

ಮೊದಲು ಒಂದು ಮಾತು. ಇಂಥ ಪುಟವನ್ನು ಓದುವವರು ಹಣಕಾಸು, ಕಾನೂನು, ವ್ಯವಹಾರ ನೋಡಿಕೊಳ್ಳುವವರು. ನಾನು ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ ನನ್ನ ಮೊದಲ ವರದಿ ದಾಳಿಕೋರರ ಐಪಿ ವಿಳಾಸಗಳ ಪಟ್ಟಿಯಿಂದ ಶುರುವಾಗಿತ್ತು. ಹಣಕಾಸು ಮುಖ್ಯಸ್ಥೆ ಅದನ್ನು ಮಗುಚಿ ಹಾಕಿ, "ಈಗ ನಿಂತಿದೆಯೋ ಇಲ್ಲವೋ, ಅದನ್ನು ಹೇಳಿ" ಎಂದರು. ಅಂದಿನಿಂದ ಆ ಉತ್ತರವೇ ನನ್ನ ಮೊದಲ ಸಾಲುಗಳಲ್ಲಿ ಬರುತ್ತದೆ. ಈಕ್ವಿಫ್ಯಾಕ್ಸಿಗೆ ಅದನ್ನು ಹೀಗೆ ಬರೆದೆ:

> ಗ್ರಾಹಕರು ತಕರಾರು ಸಲ್ಲಿಸುವ ನಮ್ಮ ಜಾಲತಾಣದ ಮೂಲಕ ಕಳ್ಳರು ಒಳಹೊಕ್ಕು, ಸುಮಾರು 14.8 ಕೋಟಿ ಜನರ ವೈಯಕ್ತಿಕ ಮಾಹಿತಿಯನ್ನು ಕದ್ದಿದ್ದಾರೆ. 2017ರ ಜುಲೈ 30ರಂದು ಆ ಜಾಲತಾಣವನ್ನು ಮುಚ್ಚಿದ್ದೇವೆ. ಮೊದಲೇ ಗೊತ್ತಿದ್ದ ದೋಷವೊಂದನ್ನು ನಾವು ಸರಿಪಡಿಸದೆ ಬಿಟ್ಟಿದ್ದು ಅವರಿಗೆ ದಾರಿಯಾಯಿತು. ಇನ್ನು ಮೂರು ಕೆಲಸಗಳಿಗೆ ನಿಮ್ಮ ಒಪ್ಪಿಗೆ ಬೇಕು.

ಓದುವವರು ಇಲ್ಲಿಗೇ ನಿಲ್ಲಿಸಿದರೂ ಮುಖ್ಯವಾದದ್ದು ಅವರಿಗೆ ಸಿಕ್ಕಿರುತ್ತದೆ.

ಘಟನಾಕ್ರಮ

ಘಟನಾಕ್ರಮದಲ್ಲಿ ಎರಡು ಗಡಿಯಾರಗಳಿವೆ. ಒಂದು, ನಿಜವಾಗಿ ಏನು ಯಾವಾಗ ನಡೆಯಿತು ಎನ್ನುವುದು. ಇನ್ನೊಂದು, ಅದು ನಮಗೆ ಯಾವಾಗ ಗೊತ್ತಾಯಿತು ಎನ್ನುವುದು. ಇವೆರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ, ಕಂಪನಿಗೆ ಮೇ ತಿಂಗಳಲ್ಲೇ ಕಳ್ಳತನ ಗೊತ್ತಿತ್ತು ಎಂಬ ಅರ್ಥ ಬಂದುಬಿಡುತ್ತದೆ. ವಕೀಲರ ಕೈಗೆ ಸಿಕ್ಕರೆ ಇದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ.

> ಮಾರ್ಚ್ 7: ನಮ್ಮ ಜಾಲತಾಣ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವಿದೆ ಎಂಬ ಪ್ರಕಟಣೆ ಬಂತು, ತಿದ್ದುಪಡಿಯೂ ಬಂತು.
> ಮಾರ್ಚ್ 9: 48 ಗಂಟೆಯೊಳಗೆ ಸರಿಪಡಿಸಿ ಎಂದು ನಮ್ಮಲ್ಲಿ ಇಮೇಲ್ ಹೋಯಿತು.
> ಮಾರ್ಚ್ 15: ದೋಷ ಎಲ್ಲಾದರೂ ಉಳಿದಿದೆಯೇ ಎಂದು ಸ್ಕ್ಯಾನ್ ಮಾಡಿದೆವು. ಏನೂ ಕಾಣಲಿಲ್ಲ.
> ಮೇ 13: ಕಳ್ಳರು ಮಾಹಿತಿಗೆ ಕೈಹಾಕಿದರು. (ಇದು ನಮಗೆ ತಿಳಿದದ್ದು ನಂತರದ ತನಿಖೆಯಲ್ಲಿ.)
> ಜುಲೈ 29: ಅನುಮಾನಾಸ್ಪದ ಸಂಚಾರ ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿತ್ತು.
> ಜುಲೈ 30: ಜಾಲತಾಣ ಮುಚ್ಚಿದೆವು.
> ಆಗಸ್ಟ್ 2: ಎಫ್‌ಬಿಐಗೆ ತಿಳಿಸಿದೆವು, ಹೊರಗಿನ ತನಿಖಾ ತಂಡವನ್ನು ಕರೆಸಿದೆವು.
> ಸೆಪ್ಟೆಂಬರ್ 7: ಸಾರ್ವಜನಿಕರಿಗೆ ತಿಳಿಸಿದೆವು.

ಮೇ 13ರ ಸಾಲಿನ ಕೊನೆಯಲ್ಲಿರುವ ಆವರಣವನ್ನು ಗಮನಿಸಿ. ಎರಡನೆಯ ಗಡಿಯಾರದ ಕೆಲಸವನ್ನು ಅದು ಮಾಡುತ್ತಿದೆ. ಕಳ್ಳರು ಒಟ್ಟು ಸುಮಾರು 9,000 ಪ್ರಶ್ನೆಗಳನ್ನು ದತ್ತಸಂಚಯಗಳಿಗೆ ಹಾಕಿದರು, ಅವುಗಳಲ್ಲಿ 265ಕ್ಕೆ ವೈಯಕ್ತಿಕ ಮಾಹಿತಿ ಸಿಕ್ಕಿತು ಎಂಬ ವಿವರ ತನಿಖೆಯವರಿಗೆ ಚಿನ್ನದಂಥದ್ದು. ಈ ಪುಟದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ, ಏಕೆಂದರೆ ಅದನ್ನು ಓದಿ ಮಂಡಳಿಯವರು ಬೇರೆ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಅಂಥದ್ದು ಅನುಬಂಧಕ್ಕೆ ಹೋಗಲಿ.

ಈ ಕ್ರಮದಲ್ಲಿ ಓದುವವರ ಕಣ್ಣು ನಿಲ್ಲುವ ಎರಡು ಜಾಗಗಳಿವೆ. ಇಮೇಲ್ ಹೋದ ಮೇಲೂ ಎರಡು ತಿಂಗಳ ನಂತರ ಕಳ್ಳತನ ಹೇಗೆ ಶುರುವಾಯಿತು? ಜುಲೈ 29ಕ್ಕೆ ಕಂಡದ್ದನ್ನು ಜನರಿಗೆ ಹೇಳಲು ಸೆಪ್ಟೆಂಬರ್ 7ರವರೆಗೆ ಏಕೆ ಕಾದೆವು? ಎರಡನ್ನೂ ಅವರು ಕೇಳುವ ಮೊದಲೇ ಪುಟ ಉತ್ತರಿಸಬೇಕು. ಅಂದಹಾಗೆ, ಭಾರತದಲ್ಲಿ ಕೆಲಸ ಮಾಡುವವರು ಈ ಎರಡನೆಯ ಗಡಿಯಾರವನ್ನು ಇನ್ನೂ ಹುಷಾರಾಗಿ ನೋಡಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. "ಗಮನಕ್ಕೆ ಬಂದದ್ದು ಯಾವಾಗ" ಎಂಬುದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಪರಿಣಾಮ

ಇಲ್ಲಿ ಸಂಖ್ಯೆ ದೊಡ್ಡದು, ಆದರೆ ಅದು ಬದಲಾಗುತ್ತಲೇ ಇತ್ತು. ಸೆಪ್ಟೆಂಬರಿನಲ್ಲಿ ಕಂಪನಿ 14.3 ಕೋಟಿ ಎಂದಿತು, ಅಕ್ಟೋಬರಿನಲ್ಲಿ 14.55 ಕೋಟಿ ಎಂದಿತು, ಮುಂದಿನ ಮಾರ್ಚಿನಲ್ಲಿ ಇನ್ನೂ 24 ಲಕ್ಷ ಜನರನ್ನು ಸೇರಿಸಿತು. ಸಂಖ್ಯೆ ಬೆಳೆಯುವುದು ತಪ್ಪೇನಲ್ಲ, ತನಿಖೆ ಮುಂದುವರಿದಂತೆ ಅದು ಸಹಜ. ಆದರೆ ಮೊದಲ ಸಲವೇ "ಒಟ್ಟು 14.3 ಕೋಟಿ" ಎಂದು ಮುದ್ರೆ ಒತ್ತಿದಂತೆ ಬರೆದರೆ, ಆಮೇಲಿನ ಪ್ರತಿ ತಿದ್ದುಪಡಿಯೂ ಮುಚ್ಚಿಟ್ಟ ಗುಟ್ಟು ಹೊರಬಿದ್ದಂತೆ ಕಾಣುತ್ತದೆ. "ಈ ದಿನದವರೆಗಿನ ಲೆಕ್ಕ ಇಷ್ಟು, ತನಿಖೆ ಮುಗಿದಿಲ್ಲ, ಮುಂದಿನ ಲೆಕ್ಕ ಇಂಥ ದಿನ" ಎಂದು ದಿನಾಂಕ ಹಾಕಿ ಬರೆಯುವುದು ವಾಸಿ.

ಅದಕ್ಕಿಂತ ಮುಖ್ಯ, ಕದ್ದದ್ದು ಏನು ಎನ್ನುವುದು. ಕ್ರೆಡಿಟ್ ಕಾರ್ಡ್ ಸಂಖ್ಯೆ ಕಳುವಾದದ್ದು ಸುಮಾರು 2,09,000 ಜನರದ್ದು. ಆ ಕಾರ್ಡ್ ರದ್ದು ಮಾಡಿ ಹೊಸದು ತರಿಸಬಹುದು. ಆದರೆ ಹೆಸರು, ಹುಟ್ಟಿದ ದಿನ, ನಮ್ಮ ಆಧಾರ್ ಸಂಖ್ಯೆಯಂತೆ ಅಲ್ಲಿ ಗುರುತಿಗೆ ಬಳಸುವ ಸಾಮಾಜಿಕ ಭದ್ರತಾ ಸಂಖ್ಯೆ ಹೋದವರು ಕೋಟಿಗಟ್ಟಲೆ ಇದ್ದರು. ಹುಟ್ಟಿದ ದಿನವನ್ನು ಯಾರೂ ಬದಲಾಯಿಸಿಕೊಳ್ಳಲಾರರು. ಇದನ್ನು ನಾನು ಹೀಗೆ ಬರೆದೆ: "ಕಳುವಾದ ಮಾಹಿತಿಯಲ್ಲಿ ಬಹುಪಾಲು ಜೀವಮಾನಪೂರ್ತಿ ಬದಲಾಗದಂಥದ್ದು. ಆದ್ದರಿಂದ ಬೇರೆಯವರ ಹೆಸರಿನಲ್ಲಿ ಸಾಲ ಎತ್ತುವ ಅಪಾಯ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ." ಹಾನಿಯ ಗಾತ್ರವನ್ನು ಸಂಖ್ಯೆಗಿಂತ ಈ ಎರಡು ವಾಕ್ಯಗಳು ಚೆನ್ನಾಗಿ ಹೇಳುತ್ತವೆ.

ಏನು ಕೆಟ್ಟಿಲ್ಲ ಎನ್ನುವುದನ್ನೂ ಹೇಳಬೇಕು, ಪದಗಳನ್ನು ತೂಗಿ. ಸಾಲದ ಇತಿಹಾಸವಿರುವ ತನ್ನ ಮುಖ್ಯ ದತ್ತಸಂಚಯಗಳಿಗೆ ಅಕ್ರಮ ಪ್ರವೇಶವಾದ ಪುರಾವೆ ಸಿಕ್ಕಿಲ್ಲ ಎಂದು ಕಂಪನಿ ಹೇಳಿತು. "ಪುರಾವೆ ಸಿಕ್ಕಿಲ್ಲ" ಮತ್ತು "ಪ್ರವೇಶವಾಗಿಲ್ಲ" ಎರಡೂ ಒಂದೇ ಅಲ್ಲ. ಮೊದಲನೆಯದನ್ನು ಬರೆದ ಮೇಲೆ, ಎಲ್ಲೆಲ್ಲಿ ಹುಡುಕಿದೆವು ಎಂದೂ ಅರ್ಧ ಸಾಲು ಸೇರಿಸಿದರೆ ಓದುವವರಿಗೆ ಅದರ ತೂಕ ತಿಳಿಯುತ್ತದೆ.

ಕಾರಣ

ಅರ್ಧಕ್ಕರ್ಧ ವರದಿಗಳು ಎಡವುವುದು ಇಲ್ಲಿಯೇ. ಆಗಷ್ಟೇ ರಾಜೀನಾಮೆ ಕೊಟ್ಟಿದ್ದ ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್ ಅಕ್ಟೋಬರಿನಲ್ಲಿ ಸಂಸತ್ ಸಮಿತಿಯ ಮುಂದೆ ಕೊಟ್ಟ ಕಾರಣಗಳು ಎರಡು: ತಿದ್ದುಪಡಿ ಹಾಕಿಸಬೇಕಾಗಿದ್ದ ಒಬ್ಬ ವ್ಯಕ್ತಿ ವಿಷಯ ಮುಟ್ಟಿಸಲಿಲ್ಲ, ಮತ್ತು ಸ್ಕ್ಯಾನರ್ ದೋಷವನ್ನು ಹಿಡಿಯಲಿಲ್ಲ. ಎರಡರಲ್ಲೂ ಸುಳ್ಳಿಲ್ಲ. ಆದರೂ ಅದು ಕಾರಣದ ಮೊದಲ ಮೆಟ್ಟಿಲು ಮಾತ್ರ. ಅಲ್ಲಿಗೇ ನಿಂತರೆ ಪರಿಹಾರವೂ "ಆ ವ್ಯಕ್ತಿಯನ್ನು ತೆಗೆಯಿರಿ" ಎಂಬಲ್ಲಿಗೆ ನಿಲ್ಲುತ್ತದೆ.

ಒಂದು ಮೆಟ್ಟಿಲು ಕೆಳಗಿಳಿದು ನೋಡೋಣ. ಇಮೇಲ್ ಹೋದ ವಿಳಾಸಗಳ ಪಟ್ಟಿ ಹಳೆಯದಾಗಿತ್ತು, ತಿದ್ದುಪಡಿ ಹಾಕಬೇಕಾದವರಿಗೆ ಅದು ತಲುಪಲೇ ಇಲ್ಲ. ಸ್ಕ್ಯಾನ್ ನಡೆದದ್ದು ಮೇಲಿನ ಕಡತಕೋಶದಲ್ಲಿ, ಸ್ಟ್ರಟ್ಸ್ ಇದ್ದದ್ದು ಅದರೊಳಗಿನ ಇನ್ನೊಂದು ಕೋಶದಲ್ಲಿ. ಬಾಗಿಲಿಗೆ ಬೀಗ ಇದೆಯೇ ಎಂದು ಬೀದಿಯಲ್ಲೇ ನಿಂತು ನೋಡಿ, ಹಿತ್ತಿಲಿಗೆ ಹೋಗದೆ ವಾಪಸಾದಂತೆ. ಇನ್ನೂ ಒಂದು ಮೆಟ್ಟಿಲು ಇಳಿದರೆ ನಿಜವಾದ ನೆಲ ಸಿಗುತ್ತದೆ: ಯಾವ ಯಂತ್ರದಲ್ಲಿ ಯಾವ ತಂತ್ರಾಂಶ ಓಡುತ್ತಿದೆ ಎಂಬ ಪೂರ್ಣ ಪಟ್ಟಿಯೇ ಕಂಪನಿಯಲ್ಲಿ ಇರಲಿಲ್ಲ. 2015ರಲ್ಲೇ ಒಳಗಿನ ಲೆಕ್ಕಪರಿಶೋಧನೆ, ಸರಿಪಡಿಸದೆ ಉಳಿದ 8,500ಕ್ಕೂ ಹೆಚ್ಚು ದೋಷಗಳನ್ನು ತೋರಿಸಿ, ತಿದ್ದುಪಡಿ ಹಾಕಿದರೋ ಇಲ್ಲವೋ ಎಂದು ಯಾರೂ ಪರೀಕ್ಷಿಸದೆ ನಂಬಿಕೆಯ ಮೇಲೆ ಕೆಲಸ ನಡೆಯುತ್ತಿದೆ ಎಂದು ಬರೆದಿತ್ತು.

ಇದು ಕಳ್ಳರು ಒಳಬಂದ ಕಥೆ. ಎರಡೂವರೆ ತಿಂಗಳು ಯಾರಿಗೂ ಕಾಣದೆ ಉಳಿದದ್ದು ಬೇರೆಯೇ ಕಥೆ, ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಆ ಜಾಲತಾಣದ ಸಂಚಾರವನ್ನು ಬಿಚ್ಚಿ ನೋಡುವ ಸಾಧನವೊಂದಿತ್ತು. ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮೀರಿತ್ತು. ಸಾಧನ ಕೆಟ್ಟು ನಿಲ್ಲಲಿಲ್ಲ, ಗದ್ದಲ ಮಾಡಲಿಲ್ಲ, ಸಂಚಾರವನ್ನು ನೋಡದೆಯೇ ಬಿಡುತ್ತಿತ್ತು. ಕಾವಲುಗಾರ ಗೇಟಿನಲ್ಲೇ ಕುಳಿತಿದ್ದಾನೆ, ಕಣ್ಣಿಗೆ ಮಾತ್ರ ಬಟ್ಟೆ. ಜುಲೈ 29ರಂದು ಹೊಸ ಪ್ರಮಾಣಪತ್ರ ಹಾಕಿದರು, ಕಳ್ಳತನ ಆಗಲೇ ಕಣ್ಣಿಗೆ ಬಿತ್ತು. ಈ ಅವಧಿ ಎಷ್ಟು ಹಿಂದೆ ಮೀರಿತ್ತು ಎನ್ನುವುದರಲ್ಲಿ ಸಂಸತ್ ಸಮಿತಿ 19 ತಿಂಗಳು ಎನ್ನುತ್ತದೆ, ಸರ್ಕಾರಿ ಲೆಕ್ಕಪರಿಶೋಧಕರು ಸುಮಾರು 10 ತಿಂಗಳು ಎನ್ನುತ್ತಾರೆ. ಮಂಡಳಿಯ ಪುಟದಲ್ಲಿ ನಾನು "ಹಲವು ತಿಂಗಳು" ಎಂದು ಬರೆದು, ಎರಡೂ ಅಂಕಿಗಳನ್ನು ಅನುಬಂಧದಲ್ಲಿ ಇಟ್ಟೆ. ತೀರ್ಮಾನ ಎರಡರಲ್ಲೂ ಒಂದೇ.

ಮೂರನೆಯ ಕಥೆ, ಕನ್ನ ಇಷ್ಟು ದೊಡ್ಡದಾದದ್ದು. ತಕರಾರು ಜಾಲತಾಣದಿಂದ ಒಳಗಿನ ಬೇರೆ ವ್ಯವಸ್ಥೆಗಳಿಗೆ ಗೋಡೆ ಇರಲಿಲ್ಲ. ಕಳ್ಳರಿಗೆ ಒಂದು ಕಡತದಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ಗೂಢಲಿಪಿ ಇಲ್ಲದೆ ಸಿಕ್ಕವು. ಅವುಗಳಿಂದ, ಆ ಜಾಲತಾಣಕ್ಕೆ ಸಂಬಂಧವೇ ಇಲ್ಲದ 48 ದತ್ತಸಂಚಯಗಳು ತೆರೆದುಕೊಂಡವು.

ಪುಟದಲ್ಲಿ ಇದಿಷ್ಟೂ ಮೂರು ವಾಕ್ಯ:

> ನಮ್ಮಲ್ಲಿ ಏನೇನಿದೆ ಎಂಬ ಪಟ್ಟಿ ಇಲ್ಲದ್ದರಿಂದ ದೋಷ ಸರಿಯಾಗದೆ ಉಳಿಯಿತು. ಕಾವಲು ಸಾಧನದ ಪ್ರಮಾಣಪತ್ರ ಹಲವು ತಿಂಗಳಿಂದ ಅವಧಿ ಮೀರಿದ್ದರಿಂದ ಕಳ್ಳತನ ಕಾಣಲಿಲ್ಲ. ಒಳಗೆ ಗೋಡೆಗಳಿಲ್ಲದ್ದರಿಂದ ಒಂದು ಬಾಗಿಲಿನಿಂದ ಎಲ್ಲ ಕೋಣೆಗೂ ಹೋಗಲು ಸಾಧ್ಯವಾಯಿತು.

ಪರಿಹಾರ

ಕಾರಣದ ಮೂರು ವಾಕ್ಯಗಳಿಗೆ ಮೂರು ಪರಿಹಾರ, ಅದೇ ಕ್ರಮದಲ್ಲಿ. ಯಾವುದಾದರೂ ಪರಿಹಾರ ಯಾವ ಕಾರಣಕ್ಕೂ ಹೊಂದದಿದ್ದರೆ, ಯಾರೋ ಈ ನೆಪದಲ್ಲಿ ಹಳೆಯ ಖರೀದಿಯೊಂದನ್ನು ತುರುಕುತ್ತಿದ್ದಾರೆ ಎಂದು ತಿಳಿಯಬಹುದು. ಮುಗಿದದ್ದು, ನಡೆಯುತ್ತಿರುವುದು, ಒಪ್ಪಿಗೆ ಬೇಕಾದದ್ದು ಎಂದು ಬೇರೆಬೇರೆಯಾಗಿ ಬರೆಯಬೇಕು. "ಸರಿಪಡಿಸಲಾಗಿದೆ" ಎಂಬ ಒಂದೇ ಪದ ಮೂರನ್ನೂ ನುಂಗಿಬಿಡುತ್ತದೆ.

ಪ್ರಮಾಣಪತ್ರದ್ದೇ ತೆಗೆದುಕೊಳ್ಳಿ. ಆ ಒಂದು ಸಾಧನಕ್ಕೆ ಹೊಸ ಪ್ರಮಾಣಪತ್ರ ಹಾಕಿದ್ದು ಮುಗಿದ ಕೆಲಸ. ಆದರೆ ಸಂಸತ್ ಸಮಿತಿಯ ಪ್ರಕಾರ ಕಂಪನಿಯಲ್ಲಿ ಅವಧಿ ಮೀರಿದ ಪ್ರಮಾಣಪತ್ರಗಳು ಕನಿಷ್ಠ 324 ಇದ್ದವು, ಅವುಗಳಲ್ಲಿ 79 ವ್ಯವಹಾರಕ್ಕೆ ಅತಿ ಮುಖ್ಯವಾದ ತಾಣಗಳನ್ನು ಕಾಯುವ ಸಾಧನಗಳದ್ದು. ಒಂದನ್ನು ಬದಲಾಯಿಸಿ "ಪರಿಹಾರವಾಯಿತು" ಎಂದರೆ ಉಳಿದವುಗಳ ಗತಿ ಏನು? ಹಾಗಾಗಿ ನನ್ನ ಅಭ್ಯಾಸದ ಪುಟದ ಕೊನೆಯ ಭಾಗ, ದಿನಾಂಕ ಮತ್ತು ಹೊಣೆಗಾರರ ಜಾಗ ಖಾಲಿ ಬಿಟ್ಟು, ಹೀಗಿದೆ:

> ಮುಗಿದದ್ದು: ಕಾವಲು ಸಾಧನಕ್ಕೆ ಹೊಸ ಪ್ರಮಾಣಪತ್ರ ಹಾಕಿದ್ದೇವೆ.
> ನಡೆಯುತ್ತಿರುವುದು: ಅವಧಿ ಮೀರಿದ ಉಳಿದವುಗಳನ್ನು ಬದಲಾಯಿಸುತ್ತಿದ್ದೇವೆ, ಮುಖ್ಯ ತಾಣಗಳದ್ದು ಮೊದಲು. ಮುಗಿಯುವ ದಿನ: ____
> ಒಪ್ಪಿಗೆ ಬೇಕಾದದ್ದು: ಅವಧಿ ಮುಗಿಯುವ 30 ದಿನ ಮೊದಲೇ ಎಚ್ಚರಿಸುವ ವ್ಯವಸ್ಥೆ, ಮತ್ತು ಅದಕ್ಕೆ ಹೆಸರಿರುವ ಒಬ್ಬ ಹೊಣೆಗಾರ: ____
> ನಿಮಗೆ ಗೊತ್ತಾಗುವುದು ಹೇಗೆ: ಅವಧಿ ಮೀರಿದ ಪ್ರಮಾಣಪತ್ರಗಳ ಸಂಖ್ಯೆಯನ್ನು ಪ್ರತಿ ತಿಂಗಳು ಇದೇ ಜಾಗದಲ್ಲಿ ತೋರಿಸುತ್ತೇವೆ. ಈಗ: 323.