ಸುಟ್ಟ ಕಾಫಿ ಗೋದಾಮು: ದಾಖಲೆ ಕೇಳುವ ಸರ್ವೇಯರ್ ಪತ್ರ

ವಿಮಾ ಕ್ಲೇಮಿನ ನಷ್ಟ ಅಳೆಯುವ ಸರ್ವೇಯರ್ ಕ್ಲೇಮು ಮಾಡಿದವರಿಗೆ ‘ಸಂಬಂಧಪಟ್ಟ ಎಲ್ಲ ದಾಖಲೆಗಳನ್ನು ಕಳುಹಿಸಿ’ ಎಂದು ಬರೆದರೆ ಕೈಗೆ ಸಿಕ್ಕ ಬಿಲ್ಲುಗಳ ಕಟ್ಟೊಂದು ಬರುತ್ತದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಯಾವ ಕಾಗದ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಪತ್ರದಲ್ಲೇ ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಶಾಲನಗರದ ಕಾಫಿ ವ್ಯಾಪಾರಿಯೊಬ್ಬರ ಗೋದಾಮಿಗೆ ಫೆಬ್ರವರಿ 14ರ ರಾತ್ರಿ ಬೆಂಕಿ ಬಿತ್ತು. 50 ಕೆಜಿ ತೂಕದ 480 ಚೀಲ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹೋಯಿತೆಂದು ಕ್ಲೇಮು. ಪತ್ರದ ಮುಖ್ಯ ಭಾಗ ಹೀಗಿರಬಹುದು:

‘ಮಾನ್ಯರೇ, ಜನವರಿ 31ರಂದು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್, ಫೆಬ್ರವರಿ 1ರಿಂದ 14ರವರೆಗಿನ ಸ್ಟಾಕ್ ರಿಜಿಸ್ಟರ್, ಅದೇ ಅವಧಿಯ ಖರೀದಿ ಹಾಗೂ ಮಾರಾಟದ ಬಿಲ್ಲು, ತೂಕದ ಚೀಟಿಗಳನ್ನು ಕಳುಹಿಸಿ. ಗೋದಾಮಿನಲ್ಲಿದ್ದ ಮಾಲಿನಲ್ಲಿ ನಿಮ್ಮದೆಷ್ಟು, ಬೆಳೆಗಾರರು ಇಟ್ಟು ಹೋದದ್ದೆಷ್ಟು ಎಂದು ಬೇರೆ ಬೇರೆ ಪಟ್ಟಿ ಕೊಡಿ. ಈ ಪತ್ರದಿಂದ ವಿಮಾ ಕಂಪನಿ ಹೊಣೆ ಒಪ್ಪಿಕೊಂಡಂತಾಗುವುದಿಲ್ಲ.’

ಬ್ಯಾಂಕಿನ ಕಾಗದ ಕೇಳುವುದು ಏಕೆಂದರೆ ಅದು ಬೆಂಕಿಗೆ ಮುಂಚೆಯೇ ಹೊರಗೆ ಹೋಗಿರುತ್ತದೆ, ಆಮೇಲೆ ತಿದ್ದಲಾಗದು. ಆದರೆ ಸಾಲದ ಮಿತಿ ಉಳಿಸಿಕೊಳ್ಳಲು ಅದರಲ್ಲಿ ದಾಸ್ತಾನು ಹೆಚ್ಚಾಗಿ ತೋರಿಸುವವರೂ ಇದ್ದಾರೆ. ಹಾಗಾಗಿ ಅದೊಂದನ್ನೇ ನಂಬದೆ ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ಇಲ್ಲಿ ಎರಡರಲ್ಲೂ ಆರಂಭದ ದಾಸ್ತಾನು 420 ಚೀಲ. ಖರೀದಿ 310 ಸೇರಿಸಿ, ಮಾರಾಟ 380 ಕಳೆದರೆ ಉಳಿಯುವುದು 350. ಕ್ಲೇಮಿಗಿಂತ 130 ಕಡಿಮೆ.

ಇದನ್ನು ಮೋಸ ಎಂದುಕೊಳ್ಳಲು ಅವಸರ ಬೇಡ. ದರ ಏರಲಿ ಎಂದು ಕಾಯುವ ಬೆಳೆಗಾರರು ವ್ಯಾಪಾರಿಯ ಗೋದಾಮಿನಲ್ಲೇ ಚೀಲ ಇಟ್ಟಿರುತ್ತಾರೆ. ಖರೀದಿ ಆಗಿಲ್ಲದ್ದರಿಂದ ಬಿಲ್ಲೂ ಇರುವುದಿಲ್ಲ, ತೂಕದ ಚೀಟಿ ಮಾತ್ರ ಇರುತ್ತದೆ. ಆ ಚೀಟಿಗಳಲ್ಲಿ 130 ಸಿಕ್ಕರೆ ಪ್ರಮಾಣದ ಪ್ರಶ್ನೆ ಮುಗಿಯಿತು. ಆಮೇಲೆ ನೋಡಬೇಕಾದ್ದು ಪಾಲಿಸಿ: ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಬೇರೆಯವರು ನಂಬಿ ಇಟ್ಟ ಮಾಲು ಸ್ಪಷ್ಟವಾಗಿ ಬರೆಸಿದ್ದರೆ ಮಾತ್ರ ಸೇರುತ್ತದೆ. ಪತ್ರದಲ್ಲಿ ಎರಡು ಪಟ್ಟಿ ಕೇಳಿದ್ದು ಇದಕ್ಕೇ.

ರಿಜಿಸ್ಟರೇ ಸುಟ್ಟಿದೆ ಎಂಬ ಉತ್ತರ ಬಂದರೆ ಅಕೌಂಟೆಂಟ್ ಬಳಿಯ ಪ್ರತಿ, ಮಾಲು ಕೊಂಡ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ರಸೀದಿಗಳನ್ನು ಕೇಳಿ ಎರಡನೇ ಪತ್ರ ಬರೆಯಬೇಕು.

ಫೋಟೋ ವಿಷಯಕ್ಕೂ ಹೀಗೇ ಬಿಡಿಸಿ ಬರೆಯಬೇಕು. ಗೋದಾಮಿನ ನಾಲ್ಕೂ ಮೂಲೆಯಿಂದ ಒಂದೊಂದು, ಚೀಲಗಳ ಅಟ್ಟಿ ಇದ್ದ ಜಾಗ, ಕೆಳಸಾಲಿನ ಚೀಲಗಳು, ಮೀಟರ್ ಬೋರ್ಡ್. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ತೆಗೆದ ಸಮಯದ ಮಾಹಿತಿ ಅಳಿಸಿಹೋಗುತ್ತದೆ, ಮೂಲ ಫೈಲನ್ನೇ ಕೇಳಿ.

ಅಟ್ಟಿಯ ಒಳಭಾಗದ ಚೀಲಗಳು ಬಹಳ ಸಲ ಸುಡದೆ ನೀರಷ್ಟೇ ಕುಡಿದಿರುತ್ತವೆ. ದಾಖಲೆಗೆ ಕಾಯುತ್ತ ಕೂತರೆ ಅವಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅವನ್ನು ಎಣಿಸಿ, ತೂಗಿ, ಫೋಟೋ ತೆಗೆದು ಕಣದಲ್ಲಿ ಬೇರೆಯಾಗಿ ಒಣಗಿಸಬಹುದು, ಮಾರಬಾರದು ಎಂಬ ಸಾಲನ್ನು ಮೊದಲ ಪತ್ರದಲ್ಲೇ ಸೇರಿಸಿ.